ಓಪನ್ ಬಿಟ್ಟ ಡಾಲರ್, ಬುಕ್ ಮಾಡಿದ ಡಾಲರ್

ಮಂಗಳೂರು, ಕಾರ್ಕಳ, ಕುಂದಾಪುರ ಕಡೆಯ ಗೇರುಬೀಜದ ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲುವುದಿಲ್ಲ. ಗುಡ್ಡದ ಗೇರುಮರಗಳು ಕೊಡುವ ಬೀಜ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ವರ್ಷವಿಡೀ ಕೆಲಸ ನಡೆಯಬೇಕೆಂದರೆ ಕಚ್ಚಾ ಬೀಜ ಹೊರದೇಶದಿಂದ ಬರಲೇಬೇಕು. ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ ಬಿಸಾವ್‌ಗಳಲ್ಲಿ ಫೆಬ್ರುವರಿಯಿಂದ ಜೂನ್‌ವರೆಗೆ ಕೊಯ್ಲು ನಡೆಯುತ್ತದೆ. ಟಾಂಜಾನಿಯಾದ ಬೀಜ ಅಕ್ಟೋಬರ್ ನಂತರ ಮಾರುಕಟ್ಟೆಗೆ ಬರುತ್ತದೆ. ಅಲ್ಲಿಂದ ಹಡಗೇರಿದ ಮೂಟೆಗಳು ಪಣಂಬೂರಿನ ಬಂದರಿಗೆ ಬಂದಿಳಿಯುತ್ತವೆ. ಮಾರುವವನು ಆಫ್ರಿಕದವನು, ಕೊಳ್ಳುವವನು ಕರಾವಳಿಯವನು, ಆದರೆ ವ್ಯವಹಾರ ನಡೆಯುವುದು ಅಮೆರಿಕದ ಡಾಲರ್‌ನಲ್ಲಿ. ಸರಕು ಕುದುರಿದ ದಿನಕ್ಕೂ ಹಣ ಕೊಡುವ ದಿನಕ್ಕೂ ನಡುವೆ ಮೂರು ನಾಲ್ಕು ತಿಂಗಳ ಅಂತರ ಇರುತ್ತದೆ. ಆ ಅಂತರದಲ್ಲಿ ಡಾಲರ್ ಎತ್ತ ಬೇಕಾದರೂ ಹೋಗಬಹುದು.

ಆಮದು ಮಾಡುವವರ ನಡುವೆ ಈ ಬಗ್ಗೆ ಒಂದು ಪ್ರಶ್ನೆ ಸದಾ ಇರುತ್ತದೆ: ಫಾರ್ವರ್ಡ್ ಬುಕ್ ಮಾಡಿದ್ದೀರಾ, ಓಪನ್ ಬಿಟ್ಟಿದ್ದೀರಾ? ಎರಡರಲ್ಲಿ ಯಾವುದು ಸರಿ ಎಂಬುದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಆದರೆ ಉತ್ತರವನ್ನು ಎಲ್ಲಿ ಹುಡುಕಬೇಕು ಎಂಬುದು ಸ್ಪಷ್ಟವಾಗಿಯೇ ಇದೆ. ಬಹಳ ಮಂದಿ ಅದನ್ನು ಡಾಲರ್ ದರದ ಪಟ್ಟಿಯಲ್ಲಿ ಹುಡುಕುತ್ತಾರೆ. ಹುಡುಕಬೇಕಾದದ್ದು ತಮ್ಮದೇ ಮಾರಾಟದ ಪುಸ್ತಕದಲ್ಲಿ.

2013ರ ಬೇಸಿಗೆಯನ್ನು ತೆಗೆದುಕೊಳ್ಳೋಣ. ರೂಪಾಯಿಯ ಇತ್ತೀಚಿನ ಚರಿತ್ರೆಯಲ್ಲಿ ಅಷ್ಟು ಕಡಿಮೆ ಅವಧಿಯಲ್ಲಿ ಅಷ್ಟು ಕಲಿಸಿದ ಕಾಲ ಇನ್ನೊಂದಿಲ್ಲ. ಕಾರ್ಖಾನೆ ಮತ್ತು ಸರಕು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡದ್ದು. ಡಾಲರ್ ದರಗಳು ಮಾತ್ರ ಆಗ ಇದ್ದಂಥವೇ, ಲೆಕ್ಕ ಸುಲಭವಾಗಲೆಂದು ಸ್ವಲ್ಪ ದುಂಡಗೆ ಮಾಡಿದ್ದೇನೆ. ಮೇ ಮೊದಲ ವಾರ ಮಂಗಳೂರಿನ ಒಂದು ಕಾರ್ಖಾನೆ ಬೆನಿನ್‌ನಿಂದ 250 ಟನ್ ಕಚ್ಚಾ ಬೀಜಕ್ಕೆ ಒಪ್ಪಂದ ಮಾಡಿಕೊಂಡಿತು. ಟನ್ನಿಗೆ 800 ಡಾಲರ್‌ನಂತೆ ಒಟ್ಟು 2,00,000 ಡಾಲರ್. ಬ್ಯಾಂಕಿನಲ್ಲಿ ತೆರೆದ ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್ ಪ್ರಕಾರ, ಬಿಲ್ ಆಫ್ ಲೇಡಿಂಗ್ ತಾರೀಖಿನಿಂದ 90 ದಿನಕ್ಕೆ ಹಣ ಕೊಡಬೇಕು. ಮೇ 30ಕ್ಕೆ ಸರಕು ಹಡಗೇರಿತು ಎಂದುಕೊಳ್ಳಿ. ಹಣ ಕೊಡಬೇಕಾದ ದಿನ ಆಗಸ್ಟ್ 28.

ಒಪ್ಪಂದದ ದಿನ ಡಾಲರ್‌ಗೆ 54 ರೂಪಾಯಿ. ಆ ದರದಲ್ಲಿ ಸರಕಿನ ಬೆಲೆ 1 ಕೋಟಿ 8 ಲಕ್ಷ. ಆದರೆ ಆ ದಿನ ಹಣ ಕೊಡಬೇಕಾಗಿಲ್ಲ, ಹಾಗಾಗಿ ಅದು ಕಾಗದದ ಮೇಲಿನ ಅಂಕಿ ಮಾತ್ರ. ಕಾರ್ಖಾನೆಯ ಮುಂದೆ ಎರಡು ದಾರಿ ಇದ್ದವು. ಒಂದು, ಆಗಸ್ಟ್ 28ರಂದು ಎಷ್ಟು ದರ ಇರುತ್ತದೋ ಅಷ್ಟು ಕೊಟ್ಟು ಡಾಲರ್ ಕೊಳ್ಳುವುದು. ಇನ್ನೊಂದು, ಆಗಸ್ಟ್ 28ರಂದು 2,00,000 ಡಾಲರ್ ಕೊಡಿ, ನಾವು ಇಷ್ಟೇ ದರ ಕೊಡುತ್ತೇವೆ ಎಂದು ಬ್ಯಾಂಕಿನ ಜೊತೆ ಮೇ ತಿಂಗಳಲ್ಲೇ ಬರೆದುಕೊಳ್ಳುವುದು. ಈ ಎರಡನೆಯದೇ ಫಾರ್ವರ್ಡ್ ಕಾಂಟ್ರಾಕ್ಟ್. ಮದುವೆಗೆ ನಾಲ್ಕು ತಿಂಗಳು ಇರುವಾಗಲೇ ಚಿನ್ನದ ದರ ಗೊತ್ತುಮಾಡಿಕೊಂಡು ಬಂದಂತೆ ಇದು. ಒಂದು ವ್ಯತ್ಯಾಸ ಇದೆ: ಮದುವೆ ನಿಂತರೂ ಇಲ್ಲಿ ಮಾತು ನಿಲ್ಲುವುದಿಲ್ಲ, ಬ್ಯಾಂಕಿಗೆ ಲೆಕ್ಕ ಚುಕ್ತಾ ಮಾಡಲೇಬೇಕು. ಆ ವಿಷಯ ಮುಂದೆ ಬರುತ್ತದೆ.

ಬ್ಯಾಂಕು ಯಾವ ದರ ಹೇಳುತ್ತದೆ? ಇಲ್ಲಿ ಅನೇಕರಿಗೆ ಒಂದು ತಪ್ಪು ಕಲ್ಪನೆ ಇದೆ. ಫಾರ್ವರ್ಡ್ ದರ ಇವತ್ತಿನ ದರಕ್ಕಿಂತ ಹೆಚ್ಚು ಇರುವುದನ್ನು ನೋಡಿ, ಡಾಲರ್ ಅಲ್ಲಿಗೆ ಏರುತ್ತದೆಂದು ಬ್ಯಾಂಕು ಭವಿಷ್ಯ ಹೇಳುತ್ತಿದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ನಾಲ್ಕು ತಿಂಗಳ ನಂತರ ನಿಮಗೆ ಡಾಲರ್ ಕೊಡುವುದಾಗಿ ಒಪ್ಪಿದ ಬ್ಯಾಂಕು ತಾನು ಅಪಾಯದಲ್ಲಿ ಕೂರುವುದಿಲ್ಲ. ತತ್ವದಲ್ಲಿ ಅದು ಮಾಡುವುದು ಇಷ್ಟು: ಇವತ್ತೇ ರೂಪಾಯಿ ಹೊಂದಿಸಿಕೊಂಡು ಡಾಲರ್ ಕೊಂಡು ನಾಲ್ಕು ತಿಂಗಳು ಇಟ್ಟುಕೊಳ್ಳುತ್ತದೆ. ರೂಪಾಯಿಗೆ ಹೆಚ್ಚು ಬಡ್ಡಿ ತೆರಬೇಕು, ಇಟ್ಟ ಡಾಲರ್‌ಗೆ ಕಡಿಮೆ ಬಡ್ಡಿ ಸಿಗುತ್ತದೆ. ಆ ವ್ಯತ್ಯಾಸವನ್ನು ನಿಮ್ಮಿಂದ ಪಡೆಯುತ್ತದೆ, ಅದಕ್ಕೇ ಪ್ರೀಮಿಯಂ ಎನ್ನುವುದು. 2013ರ ಮೇ 3ರಂದು ರಿಸರ್ವ್ ಬ್ಯಾಂಕು ರೆಪೋ ದರವನ್ನು 7.25%ಕ್ಕೆ ಇಳಿಸಿತ್ತು, ಅಮೆರಿಕದಲ್ಲಿ ಅಲ್ಪಾವಧಿ ಬಡ್ಡಿ ಹೆಚ್ಚುಕಡಿಮೆ ಸೊನ್ನೆಯಲ್ಲಿತ್ತು. ಆದ್ದರಿಂದ ಪ್ರೀಮಿಯಂ ವರ್ಷಕ್ಕೆ ಸುಮಾರು 6% ಇತ್ತು. ನಾಲ್ಕು ತಿಂಗಳಿಗೆ 1 ರೂಪಾಯಿ 5 ಪೈಸೆ, ಬ್ಯಾಂಕಿನ ಮಾರ್ಜಿನ್ 5 ಪೈಸೆ ಎಂದಿಟ್ಟುಕೊಂಡರೆ ಫಾರ್ವರ್ಡ್ ದರ 55.10. ಸರಕಿನ ಬೆಲೆ 1 ಕೋಟಿ 10 ಲಕ್ಷ 20 ಸಾವಿರ. ಮೇ ತಿಂಗಳ ದರಕ್ಕೆ ಹೋಲಿಸಿದರೆ 2,20,000 ರೂಪಾಯಿ ಜಾಸ್ತಿ.

ಈ 2,20,000 ರೂಪಾಯಿಯೇ ಆಮದುದಾರನ ಕಣ್ಣಿಗೆ ಬೀಳುವುದು. ಏನೂ ಆಗದೇ ಇದ್ದರೆ ಉಳಿಯುವ ಹಣವಲ್ಲವೇ ಎಂದು ಅನ್ನಿಸುತ್ತದೆ. ಅನ್ನಿಸುವುದು ಸಹಜ. ಆ ವರ್ಷದ ಮೊದಲ ನಾಲ್ಕು ತಿಂಗಳು ಡಾಲರ್ ಹೆಚ್ಚುಕಡಿಮೆ 53ರಿಂದ 55ರ ನಡುವೆಯೇ ಓಡಾಡಿಕೊಂಡಿತ್ತು.

ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬೆನ್ ಬರ್ನಾಂಕೆ, ತಿಂಗಳಿಗೆ 8,500 ಕೋಟಿ ಡಾಲರ್‌ನಷ್ಟು ಬಾಂಡ್ ಖರೀದಿಯನ್ನು ಮುಂದಿನ ದಿನಗಳಲ್ಲಿ ಕಡಿಮೆ ಮಾಡಬಹುದು ಎಂದು ಅಲ್ಲಿನ ಸಂಸತ್ತಿನ ಮುಂದೆ ಹೇಳಿದರು. ಅಗ್ಗದ ಡಾಲರ್ ನಂಬಿ ನಮ್ಮಂಥ ದೇಶಗಳಿಗೆ ಬಂದಿದ್ದ ಹಣ ವಾಪಸು ಹೊರಟಿತು. ಭಾರತದ ಚಾಲ್ತಿ ಖಾತೆ ಕೊರತೆ ಹಿಂದಿನ ಆರ್ಥಿಕ ವರ್ಷದಲ್ಲಿ ಜಿಡಿಪಿಯ 4.8% ಮುಟ್ಟಿತ್ತು, ಹಾಗಾಗಿ ರೂಪಾಯಿಗೆ ಬಿದ್ದ ಪೆಟ್ಟು ಜೋರಾಗಿತ್ತು. ಜುಲೈ ಕೊನೆಗೆ ಡಾಲರ್ 60ಕ್ಕೆ ಬಂತು. ಆಗಸ್ಟ್ 28ರಂದು, ಅಂದರೆ ನಮ್ಮ ಕಾರ್ಖಾನೆ ಹಣ ಕೊಡಬೇಕಾದ ಅದೇ ದಿನ, ರೂಪಾಯಿ ಅದುವರೆಗಿನ ಅತ್ಯಂತ ಕೆಳಮಟ್ಟಕ್ಕೆ ಕುಸಿದು ಡಾಲರ್ 68 ದಾಟಿತು.

ಲೆಕ್ಕಕ್ಕೆ 68.50 ಎಂದಿಟ್ಟುಕೊಳ್ಳಿ. ಓಪನ್ ಬಿಟ್ಟಿದ್ದರೆ ಕಾರ್ಖಾನೆ ಕೊಡಬೇಕಾದದ್ದು 1 ಕೋಟಿ 37 ಲಕ್ಷ. ಬುಕ್ ಮಾಡಿದ್ದರೆ ಆ ದಿನವೂ 1 ಕೋಟಿ 10 ಲಕ್ಷ 20 ಸಾವಿರವೇ. ವ್ಯತ್ಯಾಸ 26 ಲಕ್ಷ 80 ಸಾವಿರ.

ಈ ಮೊತ್ತದ ಭಾರ ತಿಳಿಯಬೇಕಾದರೆ ಅದನ್ನು ಕಿಲೋ ಲೆಕ್ಕಕ್ಕೆ ತರಬೇಕು. ಬುಕ್ ಮಾಡಿದವನಿಗೆ ಕಚ್ಚಾ ಬೀಜ ಕಿಲೋಗೆ 44 ರೂಪಾಯಿ ಬಿತ್ತು, ಓಪನ್ ಬಿಟ್ಟವನಿಗೆ 54 ರೂಪಾಯಿ 80 ಪೈಸೆ. ಒಂದು ಕಿಲೋ ತಿರುಳು ತೆಗೆಯಲು ಹೆಚ್ಚುಕಡಿಮೆ 4.3 ಕಿಲೋ ಕಚ್ಚಾ ಬೀಜ ಬೇಕು. ಹಾಗಾಗಿ ಅದೇ ಬೀಜ, ಅದೇ ಬೇಯಿಸುವ ಕುಕ್ಕರ್, ಅದೇ ಸಿಪ್ಪೆ ತೆಗೆಯುವ ಹೆಣ್ಣುಮಕ್ಕಳ ಕೈಗಳ ಮೂಲಕ ಬಂದ ತಿರುಳಿನ ಖರ್ಚಿನಲ್ಲಿ ಕಿಲೋಗೆ ಸುಮಾರು 46 ರೂಪಾಯಿಯ ಅಂತರ. ಗೇರುಬೀಜ ಸಂಸ್ಕರಣೆ ತೆಳು ಲಾಭದ ಕಸುಬು. ಇಷ್ಟು ದೊಡ್ಡ ಹೊಡೆತವನ್ನು ಕೂಲಿಯಲ್ಲೋ ಕರೆಂಟಿನಲ್ಲೋ ಮಿಗಿಸಿ ತುಂಬಿಕೊಳ್ಳಲು ಆಗುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಫಾರ್ವರ್ಡ್ ಬುಕ್ ಮಾಡುವುದೇ ಜಾಣತನ ಎಂದು ಬರೆದು ಲೇಖನ ಮುಗಿಸಬಹುದು. ಹಾಗೆ ಮಾಡಿದರೆ ಅದು ಅರ್ಧ ಸತ್ಯವಾಗುತ್ತದೆ. ಅದೇ ಆಗಸ್ಟ್ 28ರಂದು ಇನ್ನೊಂದು ಕಾರ್ಖಾನೆಯಲ್ಲಿ ಏನಾಯಿತೆಂದು ನೋಡಿ. ಅವರೂ ಜುಲೈ ಕೊನೆಯಲ್ಲಿ 2,00,000 ಡಾಲರ್ ಸರಕಿಗೆ ಒಪ್ಪಂದ ಮಾಡಿಕೊಂಡಿದ್ದರು, ಹಣ ಕೊಡಬೇಕಾದದ್ದು ನವೆಂಬರ್ 28ಕ್ಕೆ. ಒಪ್ಪಂದದ ದಿನ ಡಾಲರ್ 60ರ ಆಸುಪಾಸು ಇತ್ತು. ‘ಇಷ್ಟು ಏರಿದೆ, ಇನ್ನು ಇಳಿಯಲೇಬೇಕು ಮಾರಾಯ್ರೆ’ ಎಂದು ಓಪನ್ ಬಿಟ್ಟರು. ಆಗಸ್ಟ್ ಕೊನೆಗೆ 68 ಕಂಡಾಗ ಕೈಕಾಲು ತಣ್ಣಗಾಯಿತು. 75 ಆದರೂ ಆದೀತು ಎಂಬ ಮಾತು ಸುತ್ತಲೂ ಕೇಳುತ್ತಿತ್ತು. ಭಯದಲ್ಲಿ ಆ ದಿನವೇ ಬ್ಯಾಂಕಿಗೆ ಹೋಗಿ ಮೂರು ತಿಂಗಳಿಗೆ ಫಾರ್ವರ್ಡ್ ತೆಗೆದುಕೊಂಡರು. ರೂಪಾಯಿ ಕಾಪಾಡಲು ರಿಸರ್ವ್ ಬ್ಯಾಂಕು ಅಲ್ಪಾವಧಿ ಬಡ್ಡಿಯನ್ನು ಎತ್ತಿ ಹಿಡಿದಿದ್ದರಿಂದ ಪ್ರೀಮಿಯಂ ಕೂಡ ಆಗ ದುಬಾರಿ. ಎಲ್ಲ ಸೇರಿ ದರ 70 ರೂಪಾಯಿಯ ಆಸುಪಾಸು.

ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ಗವರ್ನರ್ ಆದರು. ಅನಿವಾಸಿಗಳ ಡಾಲರ್ ಠೇವಣಿ ಸೆಳೆಯಲು ಬ್ಯಾಂಕುಗಳಿಗೆ ರಿಯಾಯಿತಿ ದರದ ಸ್ವಾಪ್ ಸೌಲಭ್ಯ ಬಂತು, ಅಮೆರಿಕ ಬಾಂಡ್ ಖರೀದಿಯ ಇಳಿಕೆಯನ್ನು ಮುಂದೂಡಿತು. ನವೆಂಬರ್ ಕೊನೆಗೆ ಡಾಲರ್ 62.40ರ ಹತ್ತಿರಕ್ಕೆ ಇಳಿದಿತ್ತು. ಓಪನ್ ಬಿಟ್ಟಿದ್ದರೆ 1 ಕೋಟಿ 24 ಲಕ್ಷ 80 ಸಾವಿರದಲ್ಲಿ ಮುಗಿಯುತ್ತಿದ್ದ ಬಾಕಿಗೆ ಈ ಕಾರ್ಖಾನೆ ಕೊಟ್ಟದ್ದು ಹೆಚ್ಚುಕಡಿಮೆ 1 ಕೋಟಿ 40 ಲಕ್ಷ. ಸುಮಾರು 15 ಲಕ್ಷ ಹೆಚ್ಚು. ಜುಲೈ ಕೊನೆಯಲ್ಲಿ, ಸರಕು ಕುದುರಿದ ದಿನವೇ ಬುಕ್ ಮಾಡಿದ್ದರೆ ಪ್ರೀಮಿಯಂ ಸೇರಿ 62ರ ಆಸುಪಾಸಿನ ದರ ಸಿಗುತ್ತಿತ್ತು. ನವೆಂಬರ್‌ನಲ್ಲಿ ನಿಜಕ್ಕೂ ಇದ್ದ ದರಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇರುತ್ತಿರಲಿಲ್ಲ.

ಎರಡನೆಯ ಕಾರ್ಖಾನೆಯನ್ನು ಮುಳುಗಿಸಿದ್ದು ಫಾರ್ವರ್ಡ್ ಅಲ್ಲ, ಅದನ್ನು ತೆಗೆದುಕೊಂಡ ಗಳಿಗೆ. ಒಂದು ತಿಂಗಳು ಓಪನ್ ಬಿಟ್ಟು ಡಾಲರ್ ಇಳಿಯುತ್ತದೆಂದು ಕಾದರು, ಆಮೇಲೆ ಏರುತ್ತದೆಂದು ಹೆದರಿ ಬುಕ್ ಮಾಡಿದರು. ಎರಡೂ ಬಾರಿ ಮಾಡಿದ್ದು ಊಹೆಯೇ. ನನ್ನ ಮಟ್ಟಿಗೆ, ಆಮದುದಾರರು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಸದಾ ಬುಕ್ ಮಾಡುವವನಿಗೂ ಒಂದು ಲೆಕ್ಕ ಸಿಗುತ್ತದೆ, ಎಂದೂ ಬುಕ್ ಮಾಡದವನಿಗೂ ವರ್ಷಗಳ ಮೇಲೆ ಒಂದು ಸರಾಸರಿ ಸಿಗುತ್ತದೆ. ಪೇಟೆ ಶಾಂತವಾಗಿದ್ದಾಗ ಬಿಟ್ಟು, ಬಿರುಗಾಳಿ ಎದ್ದಾಗ ಕಟ್ಟುವವನಿಗೆ ಎರಡರ ಕೆಟ್ಟ ತುದಿಯೂ ಸಿಗುತ್ತದೆ.

ಶಾಂತ ಕಾಲದಲ್ಲಿ ಓಪನ್ ಬಿಟ್ಟವರಿಗೆ ಲಾಭ ಆಗುವುದಿಲ್ಲವೇ? ಆಗುತ್ತದೆ. 2023ರಲ್ಲಿ ಡಾಲರ್ 82.70ರ ಹತ್ತಿರ ಆರಂಭವಾಗಿ 83.20ರ ಹತ್ತಿರ ವರ್ಷ ಮುಗಿಸಿತು. ಪ್ರೀಮಿಯಂ ವರ್ಷಕ್ಕೆ 2%ದ ಆಸುಪಾಸು. ಅಂದರೆ ವರ್ಷದ ಮೊದಲಿಗೆ ವರ್ಷಾಂತ್ಯದ ಡಾಲರ್ ಬುಕ್ ಮಾಡಿದವರು 84 ರೂಪಾಯಿ ದಾಟಿದ ದರ ಕೊಟ್ಟರು, ಬಿಟ್ಟವರು ಸುಮಾರು ಒಂದು ರೂಪಾಯಿ ಉಳಿಸಿದರು. ಅಂಥ ವರ್ಷ ಕಳೆದ ಮೇಲೆ ಅನೇಕರಿಗೆ ಫಾರ್ವರ್ಡ್ ದಂಡದ ಖರ್ಚು ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2024ರ ಅಕ್ಟೋಬರ್‌ನಲ್ಲಿ 84ರ ಆಸುಪಾಸು ಇದ್ದ ಡಾಲರ್ 2025ರ ಫೆಬ್ರುವರಿ ಮೊದಲ ವಾರ 87 ದಾಟಿತು. ಆ ನಾಲ್ಕು ತಿಂಗಳಿಗೆ ಪ್ರೀಮಿಯಂ 60 ಪೈಸೆಯಷ್ಟು. ಬುಕ್ ಮಾಡಿದವರಿಗೆ 84.60, ಬಿಟ್ಟವರಿಗೆ 87.20. 2,00,000 ಡಾಲರ್ ಮೇಲೆ 5 ಲಕ್ಷಕ್ಕೂ ಹೆಚ್ಚಿನ ಅಂತರ. ಓಪನ್ ಬಿಡುವವರ ಅನುಭವದ ಆಕಾರ ಹೀಗೆಯೇ ಇರುತ್ತದೆ: ಹಲವು ಸಲ ಸ್ವಲ್ಪ ಸ್ವಲ್ಪ ಉಳಿತಾಯ, ಒಮ್ಮೊಮ್ಮೆ ದೊಡ್ಡ ಹೊಡೆತ. ದೊಡ್ಡ ಬಂಡವಾಳ ಇರುವ ಕಂಪನಿ ಆ ಹೊಡೆತವನ್ನು ಉಳಿತಾಯದ ಎದುರು ಇಟ್ಟು ಸರಿದೂಗಿಸಬಹುದು. ಸಾಲದ ಮೇಲೆ ನಡೆಯುವ ಸಣ್ಣ ಕಾರ್ಖಾನೆ ಆ ಒಂದು ಹೊಡೆತ ದಾಟಿ ಬದುಕಿದರೆ ತಾನೇ ಮುಂದಿನ ಸರಾಸರಿ?

ಹಾಗಾಗಿ ಡಾಲರ್ ಎತ್ತ ಹೋಗುತ್ತದೆ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬೇರೆ ಲೆಕ್ಕ ಮಾಡಬೇಕು. ಡಾಲರ್ ಒಂದು ರೂಪಾಯಿ ಏರಿದರೆ ನನ್ನ ಸರಕಿನ ಖರ್ಚು ಎಷ್ಟು ಏರುತ್ತದೆ? ನಮ್ಮ ಉದಾಹರಣೆಯಲ್ಲಿ ಒಂದು ಕಿಲೋ ಕಚ್ಚಾ ಬೀಜಕ್ಕೆ 80 ಸೆಂಟ್. ಡಾಲರ್ ಒಂದು ರೂಪಾಯಿ ಏರಿದರೆ ಬೀಜ ಕಿಲೋಗೆ 80 ಪೈಸೆ ಏರುತ್ತದೆ, ತಿರುಳಿನ ಖರ್ಚು ಅದರ 4.3 ಪಟ್ಟು, ಅಂದರೆ ಸುಮಾರು ಮೂರೂವರೆ ರೂಪಾಯಿ. ತಿರುಳಿನಲ್ಲಿ ಕಿಲೋಗೆ 10 ರೂಪಾಯಿ ಲಾಭ ಸಿಗುವ ಅಂದಾಜಿದ್ದರೆ, ಡಾಲರ್ ಮೂರು ರೂಪಾಯಿ ಏರುವಷ್ಟರಲ್ಲಿ ಲಾಭ ಪೂರ್ತಿ ಮುಗಿಯಿತು. ನಾಲ್ಕು ತಿಂಗಳಲ್ಲಿ ಮೂರು ರೂಪಾಯಿ ಏರುವುದು ಅಪರೂಪದ ಸಂಗತಿ ಅಲ್ಲ ಎಂದು ಈಗಷ್ಟೇ ನೋಡಿದೆವು. ಈ ಒಂದು ಅಂಕಿ ಕೈಯಲ್ಲಿದ್ದರೆ ಎಷ್ಟು ಧೈರ್ಯ ಮಾಡಬಹುದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ದೊಡ್ಡದು. ಡಾಲರ್ ಏರಿದಾಗ ನನ್ನ ಮಾರಾಟದ ಬೆಲೆಯೂ ಏರುತ್ತದೆಯೇ? ಎಲ್ಲರೂ ಆಮದು ಬೀಜವನ್ನೇ ಸಂಸ್ಕರಿಸುವುದರಿಂದ ಡಾಲರ್ ಏರಿದ ಮೇಲೆ ಪೇಟೆಯಲ್ಲಿ ಗೋಡಂಬಿ ದರವೂ ಮೆಲ್ಲಗೆ ಏರುತ್ತದೆ, ಖರ್ಚಿನ ಒಂದು ಪಾಲು ಗಿರಾಕಿಗೆ ದಾಟುತ್ತದೆ. ಆದರೆ ಅದು ಮೆಲ್ಲಗೆ, ಮತ್ತು ಪೂರ್ತಿ ಅಲ್ಲ. ಜುಲೈಯಲ್ಲೇ ಬೆಂಗಳೂರಿನ ಸಗಟು ವ್ಯಾಪಾರಿಗೆ ದೀಪಾವಳಿಯ ಸರಕನ್ನು ಇಂಥ ದರಕ್ಕೆ ಎಂದು ಮಾತುಕೊಟ್ಟಿದ್ದರೆ ಆ ಮಾತನ್ನು ಆಗಸ್ಟ್‌ನ ಡಾಲರ್ ತೋರಿಸಿ ಬದಲಿಸಲು ಬರುವುದಿಲ್ಲ. ಮಾರಾಟದ ದರ ರೂಪಾಯಿಯಲ್ಲಿ ನಿಂತುಬಿಟ್ಟಿದೆ, ಖರೀದಿಯ ದರ ಡಾಲರ್‌ನಲ್ಲಿ ತೂಗಾಡುತ್ತಿದೆ. ಇಂಥವರು ಓಪನ್ ಬಿಡುವುದಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ. ಮಾರಾಟದ ಬೆಲೆ ಗಟ್ಟಿಯಾದ ದಿನವೇ ಖರೀದಿಯ ಡಾಲರ್ ಕೂಡ ಗಟ್ಟಿಯಾಗಬೇಕು.

ಬ್ಯಾಂಕಿನಲ್ಲಿ ಇದು ನಡೆಯುವ ಕ್ರಮ ಹೀಗೆ. ಮೊದಲು ಫಾರ್ವರ್ಡ್ ಲಿಮಿಟ್ ಮಂಜೂರಾಗಿರಬೇಕು. ಡಾಲರ್ ಇಳಿದು ನೀವು ಕೈಯೆತ್ತಿದರೆ ನಷ್ಟ ಬ್ಯಾಂಕಿನದು, ಆದ್ದರಿಂದ ಅದು ಇದನ್ನು ಸಾಲದ ಅಪಾಯದಂತೆಯೇ ಕಾಣುತ್ತದೆ. ಲಿಮಿಟ್ ಇಲ್ಲದವರಿಂದ ಸರಕಿನ ಮೌಲ್ಯದ ಒಂದು ಪಾಲನ್ನು ಠೇವಣಿಯಾಗಿ ಕೇಳುತ್ತದೆ. ಬಿರುಗಾಳಿ ಎದ್ದ ದಿನ ಹೊಸದಾಗಿ ಲಿಮಿಟ್ ಕೇಳಿದರೆ ಸಿಗುವುದಿಲ್ಲ, ಅದನ್ನು ಎಲ್‌ಸಿ ಲಿಮಿಟ್ ಜೊತೆಗೇ ವರ್ಷದ ಮೊದಲಿಗೆ ಮಾಡಿಸಿಟ್ಟುಕೊಳ್ಳಬೇಕು. ಬುಕ್ ಮಾಡುವಾಗ ಒಪ್ಪಂದ ಪತ್ರ, ಎಲ್‌ಸಿ ಅಥವಾ ಇನ್‌ವಾಯ್ಸ್ ತೋರಿಸುವುದು ರೂಢಿ. ರಿಸರ್ವ್ ಬ್ಯಾಂಕಿನ 2020ರ ನಿಯಮಗಳ ಪ್ರಕಾರ 1 ಕೋಟಿ ಡಾಲರ್‌ವರೆಗಿನ ವಹಿವಾಟಿಗೆ ಕಾಗದಪತ್ರದ ಪುರಾವೆ ಕೇಳದೆಯೂ ಬ್ಯಾಂಕು ಕಾಂಟ್ರಾಕ್ಟ್ ಕೊಡಬಹುದು. ಆದರೂ ಅದು ನಿಜವಾದ ಬಾಕಿಗಾಗಿ ಇರುವ ಸೌಲಭ್ಯ, ಡಾಲರ್ ಮೇಲೆ ಪಣ ಕಟ್ಟಲು ಅಲ್ಲ.

ದರ ಕೇಳುವಾಗ ಒಟ್ಟು ದರ ಒಂದನ್ನೇ ಕೇಳಿ ಒಪ್ಪಿಕೊಳ್ಳಬಾರದು. ಸ್ಪಾಟ್ ಎಷ್ಟು, ಪ್ರೀಮಿಯಂ ಎಷ್ಟು, ನಿಮ್ಮ ಮಾರ್ಜಿನ್ ಎಷ್ಟು ಎಂದು ಮೂರನ್ನೂ ಬಿಡಿಬಿಡಿಯಾಗಿ ಹೇಳಿಸಬೇಕು. ಮೊದಲ ಎರಡು ಮಾರುಕಟ್ಟೆಯವು, ಅವುಗಳಲ್ಲಿ ಚೌಕಾಸಿ ಇಲ್ಲ. ಮೂರನೆಯದು ಪೂರ್ತಿ ಚೌಕಾಸಿಯದು. 10 ಪೈಸೆಯ ಮಾರ್ಜಿನ್ ಎಂದರೆ 2,00,000 ಡಾಲರ್‌ಗೆ 20,000 ರೂಪಾಯಿ. ವರ್ಷಕ್ಕೆ ಹತ್ತು ಕನ್ಸೈನ್‌ಮೆಂಟ್ ತರಿಸುವವರಿಗೆ 2 ಲಕ್ಷ. ಸಣ್ಣ ಗಿರಾಕಿಗಳಿಗೆ ಬ್ಯಾಂಕುಗಳು ಮನಸ್ಸಿಗೆ ಬಂದಂತೆ ದರ ಹೇಳುತ್ತವೆ ಎಂಬ ದೂರು ಹಳೆಯದು. 2019ರ ಆಗಸ್ಟ್‌ನಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್ ಕಡೆಯಿಂದ ಎಫ್‌ಎಕ್ಸ್-ರಿಟೇಲ್ ಎಂಬ ವೇದಿಕೆ ಶುರುವಾದದ್ದು ಇದೇ ಕಾರಣಕ್ಕೆ. ಅಲ್ಲಿ ಬ್ಯಾಂಕುಗಳ ನಡುವಿನ ಮಾರುಕಟ್ಟೆಯ ದರ ನೇರವಾಗಿ ಸಿಗುತ್ತದೆ, ಬ್ಯಾಂಕಿನ ಶುಲ್ಕ ಎಷ್ಟೆಂದು ಮೊದಲೇ ಬೇರೆಯಾಗಿ ಗೊತ್ತಿರುತ್ತದೆ.

ಇನ್ನು ತಾರೀಖು. ಹಡಗು ನಮ್ಮ ಲೆಕ್ಕದಂತೆ ಹೊರಡುವುದಿಲ್ಲ. ಕೋಟೊನೂ ಬಂದರಿನಲ್ಲಿ ಹದಿನೈದು ದಿನ ತಡವಾದರೆ ಬಿಲ್ ಆಫ್ ಲೇಡಿಂಗ್ ತಾರೀಖು ಹದಿನೈದು ದಿನ ಮುಂದಕ್ಕೆ, ಹಣ ಕೊಡುವ ದಿನವೂ ಹದಿನೈದು ದಿನ ಮುಂದಕ್ಕೆ. ಇದಕ್ಕಾಗಿಯೇ ಒಂದು ತಿಂಗಳ ಅವಧಿಯೊಳಗೆ ಯಾವ ದಿನ ಬೇಕಾದರೂ ಡಾಲರ್ ಎತ್ತಿಕೊಳ್ಳಬಹುದಾದ ಕಾಂಟ್ರಾಕ್ಟ್ ಕೊಡುತ್ತಾರೆ. ಅದಕ್ಕೆ ಬೆಲೆ ಇದೆ: ಆಮದುದಾರ ಮೊದಲ ದಿನವೇ ಡಾಲರ್ ಎತ್ತಿದರೂ ಬ್ಯಾಂಕು ತಿಂಗಳ ಕೊನೆಯವರೆಗಿನ ಪ್ರೀಮಿಯಂ ಸೇರಿಸಿಯೇ ದರ ಹೇಳಿರುತ್ತದೆ. ಪ್ರೀಮಿಯಂ ತಿಂಗಳಿಗೆ 15 ಪೈಸೆ ಇದ್ದರೆ ನಮ್ಮ ಸರಕಿಗೆ ಅದು ಹೆಚ್ಚೆಂದರೆ 30,000 ರೂಪಾಯಿ. ಮಳೆಗಾಲದ ಹಡಗಿಗೆ ಅದು ಕೊಡಲು ತಕ್ಕ ಬೆಲೆ ಎಂದೇ ನನ್ನ ಅಭಿಪ್ರಾಯ.

ಆ ಅವಧಿಯನ್ನೂ ಮೀರಿ ತಡವಾದರೆ ಕಾಂಟ್ರಾಕ್ಟನ್ನು ಮುಂದಕ್ಕೆ ಹಾಕಬೇಕು, ಪೇಟೆಯ ಭಾಷೆಯಲ್ಲಿ ರೋಲ್‌ಓವರ್. ಅಂದರೆ ಹಳೆಯದನ್ನು ಆ ದಿನದ ದರದಲ್ಲಿ ರದ್ದು ಮಾಡಿ ಹೊಸದನ್ನು ಬರೆಯುವುದು. ಹಳೆಯದರ ಲಾಭ ನಷ್ಟ ಆಗಲೇ ನಗದಾಗಿ ಚುಕ್ತಾ ಆಗುತ್ತದೆ. ಡಾಲರ್ ಇಳಿದಿದ್ದರೆ ಸರಕು ಬರುವ ಮೊದಲೇ ಕೈಯಿಂದ ಹಣ ಹೋಗುತ್ತದೆ. ಹೊಸ ಕಾಂಟ್ರಾಕ್ಟಿನ ದರ ಅಷ್ಟೇ ಕಡಿಮೆ ಇರುವುದರಿಂದ ಕೊನೆಗೆ ಲೆಕ್ಕ ಸರಿಹೋಗುತ್ತದೆ ನಿಜ, ಆದರೆ ನಡುವಿನ ತಿಂಗಳು ನಗದು ಎಲ್ಲಿಂದ ಹೊಂದಿಸುವುದು ಎಂಬುದನ್ನು ಮೊದಲೇ ಯೋಚಿಸಿರಬೇಕು. ತಾರೀಖು ಮರೆತು ಸುಮ್ಮನಿದ್ದುಬಿಟ್ಟರೆ ಗಡುವಿನ ನಂತರ ಮೂರನೇ ಕೆಲಸದ ದಿನ ಬ್ಯಾಂಕು ತಾನಾಗಿಯೇ ಕಾಂಟ್ರಾಕ್ಟ್ ರದ್ದು ಮಾಡುತ್ತದೆ. ಆಗ ನಷ್ಟವಿದ್ದರೆ ನೀವು ಕೊಡಬೇಕು, ಲಾಭವಿದ್ದರೆ ನಿಮಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ನೋವಿನದು ಸರಕೇ ಬಾರದ ಪ್ರಸಂಗ. ಆಫ್ರಿಕದಲ್ಲಿ ಬೀಜದ ದರ ಏಕಾಏಕಿ ಏರಿದರೆ ಮಾರುವವರು ಒಪ್ಪಿದ ದರಕ್ಕೆ ಸರಕು ಹಾಕದೆ ಕೈಕೊಡುವುದುಂಟು. ಸರಕು ಇಲ್ಲ, ಎಲ್‌ಸಿ ಬಿದ್ದುಹೋಯಿತು, ಆದರೆ ಬ್ಯಾಂಕಿನ ಜೊತೆಗಿನ ಕಾಂಟ್ರಾಕ್ಟ್ ಜೀವಂತ. 84.60ಕ್ಕೆ ಬುಕ್ ಮಾಡಿದ್ದ 2,00,000 ಡಾಲರ್ ರದ್ದು ಮಾಡುವ ದಿನ ಬ್ಯಾಂಕು ಅದನ್ನು ವಾಪಸು ಕೊಳ್ಳುವ ದರ 83.60 ಇದ್ದರೆ ಡಾಲರ್‌ಗೆ ಒಂದು ರೂಪಾಯಿಯಂತೆ 2 ಲಕ್ಷ ನಷ್ಟ. ಬೀಜವನ್ನೇ ಕಾಣದ ವ್ಯವಹಾರದಲ್ಲಿ ಈ ನಷ್ಟ. ಹೊಸ ಮಾರಾಟಗಾರನ ಜೊತೆ ವ್ಯವಹರಿಸುವಾಗ ಒಪ್ಪಂದದ ದಿನ ಅರ್ಧ ಮಾತ್ರ ಬುಕ್ ಮಾಡಿ, ಸರಕು ಹಡಗೇರಿದ ಕಾಗದ ಕೈಗೆ ಬಂದ ಮೇಲೆ ಉಳಿದರ್ಧ ಮಾಡುವವರಿದ್ದಾರೆ. ಆ ಮಧ್ಯದ ವಾರಗಳಲ್ಲಿ ಅರ್ಧ ಭಾಗ ಓಪನ್ ಇರುತ್ತದೆ. ಡಾಲರ್ ಅಪಾಯವನ್ನು ಮಾರಾಟಗಾರನ ಅಪಾಯದ ಎದುರು ತೂಗಿ ಮಾಡಿದ ಆಯ್ಕೆ ಅದು, ಹಾಗಾಗಿ ಅದಕ್ಕೆ ಅರ್ಥವಿದೆ.

ಏನೂ ಮಾಡದೆ ಬಿಡುವುದಕ್ಕೂ ಬೆಲೆ ಇದೆ, ಅದು ಕಾಣುವುದಿಲ್ಲ ಅಷ್ಟೆ. 2013ರ ಪೆಟ್ಟಿನ ನಂತರ ರಿಸರ್ವ್ ಬ್ಯಾಂಕು ಒಂದು ನಿಯಮ ತಂದಿತು. 2014ರ ಏಪ್ರಿಲ್‌ನಿಂದ, ಗಿರಾಕಿಗಳು ಕವರ್ ತೆಗೆದುಕೊಳ್ಳದೆ ಬಿಟ್ಟ ವಿದೇಶಿ ಬಾಕಿ ಎಷ್ಟೆಂದು ಬ್ಯಾಂಕುಗಳು ಕೇಳಿ ಬರೆದಿಡಬೇಕು, ಅದರಿಂದ ಆಗಬಹುದಾದ ನಷ್ಟ ಗಿರಾಕಿಯ ಗಳಿಕೆಯ ಎದುರು ದೊಡ್ಡದಿದ್ದರೆ ಹೆಚ್ಚುವರಿ ಹಣ ತೆಗೆದಿಡಬೇಕು. ಆ ಭಾರ ಸಾಲದ ಬಡ್ಡಿಯ ಮೂಲಕ ಗಿರಾಕಿಯನ್ನು ತಲುಪಬಹುದು.

ಹಾಗಾದರೆ ಯಾರು ಬುಕ್ ಮಾಡಬಾರದು? ತಿರುಳನ್ನು ದುಬೈಗೋ ಯುರೋಪಿಗೋ ಕಳಿಸಿ ಡಾಲರ್ ಪಡೆಯುವವರು. ಅವರಿಗೆ ಡಾಲರ್ ಏರಿದರೆ ಖರೀದಿ ದುಬಾರಿ, ಆದರೆ ಬರುವ ಹಣವೂ ಹೆಚ್ಚು. ಒಂದು ಇನ್ನೊಂದನ್ನು ಕಾಯುತ್ತದೆ. ಇಂಥವರು ಆಮದಿಗೆ ಮಾತ್ರ ಫಾರ್ವರ್ಡ್ ತೆಗೆದುಕೊಂಡರೆ ಆ ಸಮತೋಲ ಕೆಡುತ್ತದೆ. 2013ರ ಆಗಸ್ಟ್‌ನಲ್ಲಿ 70 ರೂಪಾಯಿಗೆ ಬುಕ್ ಮಾಡಿದ ಕಾರ್ಖಾನೆ ರಫ್ತಿನದಾಗಿದ್ದರೆ, ಬೀಜಕ್ಕೆ 70ರ ಡಾಲರ್ ಕೊಟ್ಟು ತಿರುಳಿಗೆ 62ರ ಡಾಲರ್ ಪಡೆಯಬೇಕಾಗುತ್ತಿತ್ತು. ಅಪಾಯ ಇಲ್ಲದ ಕಡೆ ಅಪಾಯವನ್ನು ಹಣ ಕೊಟ್ಟು ಕೊಂಡಂತೆ.

ಕರಾವಳಿಯಲ್ಲಿ ಅನೇಕರು ಎರಡೂ ಕಡೆ ಮಾರುತ್ತಾರೆ. ತಿರುಳಿನಲ್ಲಿ 60% ರಫ್ತಿಗೆ, 40% ಊರಿನ ಪೇಟೆಗೆ ಹೋಗುವುದಾದರೆ, 2,00,000 ಡಾಲರ್ ಬಾಕಿಯಲ್ಲಿ 80,000 ಡಾಲರ್‌ಗೆ ಮಾತ್ರ ಫಾರ್ವರ್ಡ್ ಬೇಕು. ಉಳಿದ 1,20,000 ಡಾಲರ್ ರಫ್ತಿನ ಹಣದಿಂದಲೇ ತೀರುತ್ತದೆ. ಆ ಹಣವನ್ನು ರೂಪಾಯಿಗೆ ಬದಲಿಸದೆ ಇಇಎಫ್‌ಸಿ ಖಾತೆಯಲ್ಲಿ ಡಾಲರ್ ಆಗಿಯೇ ಇಟ್ಟು ಬೀಜದ ಬಾಕಿಗೆ ಬಳಸಿದರೆ, ಮಾರುವಾಗ ಒಮ್ಮೆ ಕೊಳ್ಳುವಾಗ ಒಮ್ಮೆ ಎರಡೆರಡು ಬಾರಿ ಬ್ಯಾಂಕಿನ ಮಾರ್ಜಿನ್ ತೆರುವುದೂ ತಪ್ಪುತ್ತದೆ. ಆದರೆ ಆ ಖಾತೆಯಲ್ಲಿ ಡಾಲರ್ ಬೇಕಾದಷ್ಟು ಕಾಲ ಇಡಲು ಬರುವುದಿಲ್ಲ. ಒಂದು ತಿಂಗಳು ಬಂದದ್ದನ್ನು, ಮುಂದಿನ ತಿಂಗಳ ಕೊನೆಯೊಳಗೆ ಬಳಸದಿದ್ದರೆ ರೂಪಾಯಿಗೆ ಬದಲಿಸಬೇಕೆಂಬುದು ನಿಯಮ, ಅನುಮತಿ ಇರುವ ಕೊಡಬೇಕಾದ ಬಾಕಿಗಳನ್ನು ಹೊರತುಪಡಿಸಿ. ಜೂನ್‌ನಲ್ಲಿ ಬಂದ ರಫ್ತಿನ ಡಾಲರ್‌ಗೂ ಆಗಸ್ಟ್ ಕೊನೆಯ ಬೀಜದ ಬಾಕಿಗೂ ತಾರೀಖು ಹೊಂದದಿದ್ದರೆ ಆ ಪಾಲನ್ನು ಸಮತೋಲದ ಲೆಕ್ಕದಿಂದ ತೆಗೆದು, 80,000ಕ್ಕೆ ಸೇರಿಸಿ ಬುಕ್ ಮಾಡಬೇಕಾಗುತ್ತದೆ.